ಪ್ರಬಂಧದಲ್ಲಿ ಅಜ್ಜಿ ಇರಲಿಲ್ಲ

ಎರಡು ವರ್ಷದ ಹಿಂದಿನ ಒಂದು ನೋಟ್‌ಬುಕ್ ಹಾಳೆ ನನ್ನ ಬೀರುವಿನಲ್ಲಿದೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಬರೆದದ್ದು. ವಿಷಯ, ‘ನಾನು ನೋಡಿದ ಜಾತ್ರೆ’. ಅದರಲ್ಲಿ ಇರುವುದು ಇಷ್ಟೇ: ‘ನಾನು ಊರಿಗೆ ಹೋದೆ. ತಂದೆ ತಾಯಿ ಬಂದರು. ತೇರು ನೋಡಿದೆ. ಮನೆಗೆ ಬಂದೆ.’

ಅದೇ ಹುಡುಗ ಹಿಂದಿನ ದಿನ ಕ್ಲಾಸಿನಲ್ಲಿ ಎದ್ದು ನಿಂತು ಹತ್ತು ನಿಮಿಷ ಜಾತ್ರೆಯ ಕತೆ ಹೇಳಿದ್ದ. ಅವನ ಹೆಸರು ಬೇಡ, ಪುಟ್ಟ ಅಂತ ಕರೆಯುತ್ತೇನೆ, ಅವರ ಮನೆಯಲ್ಲೂ ಹಾಗೇ ಕರೆಯುವುದು. ಅಜ್ಜಿ ಬಾಳೆಹಣ್ಣಿಗೆ ದವನ ಸಿಕ್ಕಿಸಿ ತೇರಿಗೆ ಎಸೆದರಂತೆ. ಅದು ತೇರಿಗೆ ತಾಗದೆ ಮುಂದೆ ನಿಂತಿದ್ದ ಪೊಲೀಸಪ್ಪನ ಟೋಪಿಗೆ ಬಿತ್ತಂತೆ. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಚಿಕ್ಕಪ್ಪನ ಹಿಂದೆ ಅಡಗಿಕೊಂಡರಂತೆ. ಇಡೀ ಕ್ಲಾಸು ಬಿದ್ದೂ ಬಿದ್ದೂ ನಕ್ಕಿತ್ತು. ನಾನೇ ಹೇಳಿದ್ದೆ, ‘ನಾಳೆ ಇದನ್ನೇ ಬರಿ, ಚೆನ್ನಾಗಿರುತ್ತೆ’ ಅಂತ.

ಮರುದಿನ ಬಂದದ್ದು ಈ ನಾಲ್ಕು ಸಾಲು. ಅಜ್ಜಿ ಇಲ್ಲ, ಚಿಕ್ಕಪ್ಪ ಇಲ್ಲ, ದವನ ಇಲ್ಲ. ನನಗೆ ಸಿಟ್ಟು ಬಂತು. ಬಾಯಲ್ಲಿ ಇಷ್ಟೆಲ್ಲ ಹೇಳುವವನು ಬರೆಯೋಕೆ ಮಾತ್ರ ಸೋಮಾರಿ ಅಂದುಕೊಂಡೆ. ಅಕ್ಷರವೂ ಕಾಗೆ ಕಾಲು ಗುಬ್ಬಿ ಕಾಲು. ಕೆಂಪು ಪೆನ್ನಿನಲ್ಲಿ ‘ಇನ್ನೂ ಬರೆಯಬೇಕಿತ್ತು, ಬರವಣಿಗೆ ಸುಧಾರಿಸಬೇಕು’ ಅಂತ ಬರೆದು ಕೊಟ್ಟೆ. ಜೊತೆಗೆ ದಿನಕ್ಕೆ ಒಂದು ಪುಟ ಕಾಪಿ ಬರೆದು ತರಲು ಹೇಳಿದೆ.

## ಮೊದಲ ಸಾಲು ಚೆನ್ನಾಗಿತ್ತು

ಪುಟ್ಟ ಕಾಪಿ ಬರೆದು ತಂದ. ದಿನಾ ತಂದ. ಆ ಪುಟಗಳನ್ನು ಈಗ ನೋಡಿದರೆ ಎಲ್ಲ ಕಣ್ಣಿಗೆ ರಾಚುತ್ತದೆ, ಆಗ ಕಾಣಿಸಲಿಲ್ಲ. ಮೊದಲ ಸಾಲು ಓದುವ ಹಾಗಿರುತ್ತಿತ್ತು. ಎರಡನೆಯದು ಸ್ವಲ್ಪ ಓರೆ. ನಾಲ್ಕನೇ ಸಾಲಿಗೆ ಬರುವಾಗ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ತೇಲುತ್ತಿದ್ದವು. ಪುಟದ ಕೊನೆಯಲ್ಲಿ ‘ಮ’ ಯಾವುದು ‘ಯ’ ಯಾವುದು ಗೊತ್ತಾಗುತ್ತಿರಲಿಲ್ಲ. ಕೆಲವು ಕಡೆ ರಬ್ಬರ್ ಉಜ್ಜಿ ಉಜ್ಜಿ ಕಾಗದ ತೂತಾಗಿತ್ತು. ಪುಟ ತಿರುಗಿಸಿದರೆ ಹಿಂದುಗಡೆ ಕೈಗೆ ಉಬ್ಬು ತಗಲುತ್ತಿತ್ತು, ಅಷ್ಟು ಒತ್ತಿ ಬರೆದಿದ್ದ.

ಆ ಚೆನ್ನಾಗಿರುವ ಮೊದಲ ಸಾಲೇ ಇಂಥ ಮಕ್ಕಳಿಗೆ ಶತ್ರು. ‘ನೋಡು, ಇಲ್ಲಿ ಬರೆದಿದ್ದೀಯಲ್ಲ, ಮನಸ್ಸು ಮಾಡಿದ್ರೆ ನಿಂಗೆ ಬರುತ್ತೆ’ ಅಂತ ನಾವು ಹೇಳುತ್ತೇವೆ. ನಾನೂ ಹೇಳಿದೆ. ಮನಸ್ಸು ಮಾಡಿದರೆ ಬರುತ್ತದೆ ಎನ್ನುವುದು ನಿಜವೂ ಹೌದು. ಆದರೆ ಆ ಒಂದು ಸಾಲಿಗೆ ಅವನು ಇಡೀ ಮನಸ್ಸನ್ನೇ ಸುರಿದಿದ್ದ. ಪುಟದ ಉಳಿದ ಭಾಗಕ್ಕೆ ಏನೂ ಉಳಿದಿರಲಿಲ್ಲ.

ಬರವಣಿಗೆ ರೂಢಿಯಾದವರಿಗೆ ಇದು ಅರ್ಥವಾಗುವುದು ಕಷ್ಟ. ನಾವು ‘ತೇರು’ ಅಂತ ಬರೆಯುವಾಗ ಕೈ ತನ್ನಷ್ಟಕ್ಕೆ ಹೋಗುತ್ತದೆ, ತಲೆ ಮುಂದಿನ ವಾಕ್ಯ ಯೋಚಿಸುತ್ತಿರುತ್ತದೆ. ಪುಟ್ಟನಿಗೆ ಪ್ರತಿ ಅಕ್ಷರವೂ ಹೊಸದಾಗಿ ಚಿತ್ರ ಬರೆದ ಹಾಗೆ. ಎಲ್ಲಿಂದ ಶುರು, ಯಾವ ಕಡೆ ಸುತ್ತು, ಎಲ್ಲಿ ನಿಲ್ಲಿಸಬೇಕು, ಎಷ್ಟು ಒತ್ತಬೇಕು, ಎಲ್ಲವನ್ನೂ ಕಣ್ಣಿಟ್ಟು ಯೋಚಿಸಿ ಮಾಡಬೇಕು. ಅಷ್ಟು ಮಾಡಿ ಮುಗಿಸುವಾಗ ಮುಂದೆ ಏನು ಹೇಳಬೇಕೆಂದಿದ್ದೆ ಅನ್ನುವುದೇ ಮರೆತುಹೋಗಿರುತ್ತದೆ.

ಆಮೇಲೊಮ್ಮೆ ನಾನೇ ಒಂದು ಲೆಕ್ಕ ಹಾಕಿದೆ. ಪಾಠದ ಒಂದು ಪ್ಯಾರಾ ಕೊಟ್ಟು ಐದು ನಿಮಿಷ ನೋಡಿ ಬರೆಯಲು ಹೇಳಿದೆ. ಪ್ರತಿ ನಿಮಿಷಕ್ಕೂ ‘ಒಂದು ಗೀಟು ಹಾಕಿ, ಮುಂದುವರಿಸಿ’ ಅಂದೆ. ಪಕ್ಕದ ಹುಡುಗಿ ಮೊದಲ ನಿಮಿಷಕ್ಕೆ 27 ಅಕ್ಷರ ಬರೆದಿದ್ದಳು, ಐದನೇ ನಿಮಿಷಕ್ಕೂ ಹೆಚ್ಚು ಕಡಿಮೆ ಅಷ್ಟೇ. ಪುಟ್ಟ ಮೊದಲ ನಿಮಿಷಕ್ಕೆ 16, ಐದನೇ ನಿಮಿಷಕ್ಕೆ 9. ಸೋಮಾರಿತನ ಆಗಿದ್ದರೆ ಮೊದಲ ನಿಮಿಷದಲ್ಲೇ ಕಾಣಬೇಕಿತ್ತು, ಅಲ್ವಾ? ಇದು ದಣಿವು. ಯಾವ ಟೀಚರಾದರೂ ಗಡಿಯಾರ ಇಟ್ಟುಕೊಂಡು ಮಾಡಬಹುದಾದ ಪರೀಕ್ಷೆ ಇದು. ಇದರಿಂದ ಮಗುವಿಗೆ ಏನಾಗಿದೆ ಅಂತ ಗೊತ್ತಾಗುವುದಿಲ್ಲ, ಆದರೆ ಬೈಯುವುದನ್ನು ನಿಲ್ಲಿಸಲು ಸಾಕು.

## ತಂದೆ ತಾಯಿ ಅಂತ ಯಾರು ಕರೀತಾರೆ?

ಪೋಷಕರ ಸಭೆಗೆ ಪುಟ್ಟನ ಅಮ್ಮ ಬಂದಿದ್ದರು. ನಾನು ಜಾತ್ರೆಯ ಹಾಳೆ ತೋರಿಸಿದೆ. ಅವರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಮಿಸ್, ಇವನು ನಮ್ಮನ್ನ ಯಾವತ್ತೂ ತಂದೆ ತಾಯಿ ಅಂದೋನೇ ಅಲ್ಲ. ಅಪ್ಪ ಅಮ್ಮ ಅಂತಾನೇ ಕರೆಯೋದು. ಇಲ್ಯಾಕೆ ಹೀಗೆ ಬರ್ದಿದಾನೆ?’ ಅಂದರು.

ಆ ಪ್ರಶ್ನೆ ಮನೆಗೆ ಹೋದ ಮೇಲೂ ತಲೆಯಿಂದ ಹೋಗಲಿಲ್ಲ. ರಾತ್ರಿ ಹಾಳೆ ತೆಗೆದು ಮತ್ತೆ ನೋಡಿದೆ. ನಾಲ್ಕು ಸಾಲಿನಲ್ಲಿ ಒಂದೇ ಒಂದು ಒತ್ತಕ್ಷರ ಇರಲಿಲ್ಲ. ಒಂದೂ ಇಲ್ಲ. ಒತ್ತಕ್ಷರ ಇಲ್ಲದ ಪದಗಳನ್ನು ಆರಿಸಿ ಆರಿಸಿ ಹಾಕಿದ್ದ. ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ. ಕನ್ನಡದಲ್ಲಿ ಮಕ್ಕಳಿಗೆ ಹತ್ತಿರದ ಹೆಸರುಗಳಲ್ಲಿ ಎಷ್ಟೊಂದಕ್ಕೆ ಒತ್ತು ಇದೆ ನೋಡಿ. ಅಕ್ಕ, ಅಣ್ಣ, ತಮ್ಮ, ಅತ್ತೆ, ದೊಡ್ಡಮ್ಮ. ಅಪ್ಪ ಅಮ್ಮನಿಗೆ ಬದಲಿ ಪದ ಇತ್ತು, ತಂದೆ ತಾಯಿ ಅಂತ ಹಾಕಿದ. ಅಜ್ಜಿಗೆ ಬದಲಿ ಪದ ಇರಲಿಲ್ಲ. ಅದಕ್ಕೇ ಅಜ್ಜಿಯನ್ನೇ ಬಿಟ್ಟ.

ಒಂಬತ್ತು ವರ್ಷದ ಮಗು ಅಷ್ಟು ಯೋಚನೆ ಮಾಡಿ ನಾಲ್ಕು ಸಾಲು ಬರೆದಿತ್ತು. ನಾನು ‘ಇನ್ನೂ ಬರೆಯಬೇಕಿತ್ತು’ ಅಂದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

‘ಅಜ್ಜಿ’ ಬರೆಯುವಾಗ ಕೈ ಏನು ಮಾಡುತ್ತದೆ ಅಂತ ನಿಧಾನವಾಗಿ ನೋಡಿ. ‘ಅ’ ಸುತ್ತಿ ಮುಗಿಸಬೇಕು. ಆಮೇಲೆ ಗೆರೆಯ ಮೇಲೆ ದೊಡ್ಡದಾಗಿ ‘ಜಿ’, ಅದಕ್ಕೆ ಮೇಲೆ ಗುಡಿಸು. ಪೆನ್ಸಿಲ್ ಎತ್ತಿ ಗೆರೆಯ ಕೆಳಗೆ ಇಳಿಯಬೇಕು. ಅಲ್ಲಿ ಅದೇ ‘ಜ’ ಆಕಾರವನ್ನು ಅರ್ಧ ಗಾತ್ರದಲ್ಲಿ, ಗುಡಿಸು ಇಲ್ಲದೆ ಬರೆಯಬೇಕು. ಮತ್ತೆ ಮೇಲೆ ಹೋಗಿ ಮುಂದಿನ ಅಕ್ಷರಕ್ಕೆ ಜಾಗ ಹುಡುಕಬೇಕು. ಗಾತ್ರ ಬದಲಾಗುತ್ತದೆ, ಜಾಗ ಬದಲಾಗುತ್ತದೆ, ಕೈ ಇಳಿದು ಹತ್ತಬೇಕು. ಅರ್ಕಾವತ್ತು ಬಂದರೆ ಇನ್ನೊಂದು ತೊಡಕು, ‘ಸೂರ್ಯ’ ಅನ್ನುವಾಗ ಮೊದಲು ಕೇಳಿಸುವ ‘ರ’ವನ್ನು ‘ಯ’ ಆದ ಮೇಲೆ ಬರೆಯಬೇಕು. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ನಾಲ್ಕು ಗೆರೆ ಪುಸ್ತಕ ಇದೆ, ಕೆಳಗಿಳಿಯುವ ಅಕ್ಷರ ಎಲ್ಲಿ ನಿಲ್ಲಬೇಕು ಅಂತ ಗೆರೆಯೇ ತೋರಿಸುತ್ತದೆ. ಕನ್ನಡಕ್ಕೆ ನಾವು ಒಂದು ಗೆರೆಯ ಪುಸ್ತಕ ಕೊಟ್ಟುಬಿಡುತ್ತೇವೆ. ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕೈ ಹಿಡಿತ ಇರುವ ಮಕ್ಕಳು ಹೇಗೋ ಸಂಭಾಳಿಸುತ್ತಾರೆ. ಇಲ್ಲದವರಿಗೆ ಪುಟವೇ ಗೋಜಲಾಗುತ್ತದೆ.

## ಬರೀ ಅಕ್ಷರದ ವಿಷಯ ಅಲ್ಲ

ಮುಂದಿನ ವಾರ ಪುಟ್ಟನ ಅಮ್ಮನನ್ನು ಮತ್ತೆ ಕರೆದು ಮಾತಾಡಿದೆ. ಈ ಸಲ ಬರವಣಿಗೆ ಬಿಟ್ಟು ಬೇರೆ ವಿಷಯ ಕೇಳಿದೆ. ಒಂದೊಂದೇ ಹೊರಗೆ ಬಂತು. ಶರ್ಟಿನ ಗುಂಡಿ ಅಮ್ಮನೇ ಹಾಕಬೇಕು. ಶೂ ಲೇಸ್ ಕಟ್ಟಲು ಬರುವುದಿಲ್ಲ, ಅದಕ್ಕೇ ಅಂಟುವ ಪಟ್ಟಿಯ ಶೂ. ಊಟ ಮಾಡುವಾಗ ಸಾರು ಮೊಣಕೈವರೆಗೆ ಇಳಿಯುತ್ತದೆ. ಸೈಕಲ್ ಎರಡು ವರ್ಷದಿಂದ ಮೂಲೆಯಲ್ಲಿದೆ. ಕುಂಟೆಬಿಲ್ಲೆ ಆಡುವಾಗ ಅಕ್ಕಪಕ್ಕದ ಮಕ್ಕಳು ಇವನನ್ನು ಸೇರಿಸಿಕೊಳ್ಳುವುದಿಲ್ಲ. ‘ಇನ್ನೂ ಚಿಕ್ಕವನು, ಕಲೀತಾನೆ ಬಿಡು ಅಂದ್ಕೊಂಡಿದ್ದೆ ಮಿಸ್’ ಅಂದರು. ಓದುವುದರಲ್ಲಿ ಮಾತ್ರ ಏನೂ ತೊಂದರೆ ಇಲ್ಲ. ದಿನಪತ್ರಿಕೆ ಓದಿ ಅಜ್ಜಿಗೆ ಹೇಳುತ್ತಾನೆ.

ಓದು ಸರಿಯಿದ್ದು, ಬರವಣಿಗೆ ಮತ್ತು ಮೈಕೈ ಹಿಡಿತ ಎರಡೂ ಹಿಂದಿದ್ದರೆ ನೋಡಬೇಕಾದ ದಾರಿಯೇ ಬೇರೆ. ಮೊದಲು ಕಣ್ಣು ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಮಕ್ಕಳ ಡಾಕ್ಟರು ನರದ ತೊಂದರೆ ಏನೂ ಇಲ್ಲ ಅಂತ ನೋಡಿ, ದಿನನಿತ್ಯದ ಕೆಲಸಗಳಿಗೆ ಮೈಕೈ ಪಳಗಿಸುವ, ಜಿಲ್ಲಾ ಕೇಂದ್ರದಲ್ಲಿದ್ದ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಅಲ್ಲಿ ಸಿಕ್ಕ ಹೆಸರು ಡಿಸಿಡಿ, ಅಂದರೆ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್, ಬೆಳೆಯುವ ಮಕ್ಕಳಲ್ಲಿ ಮೈಕೈ ಚಲನೆಗಳ ಹೊಂದಾಣಿಕೆಯ ತೊಂದರೆ. ಡಿಸ್‌ಪ್ರಾಕ್ಸಿಯಾ ಅಂತಲೂ ಕರೆಯುತ್ತಾರೆ. 5ರಿಂದ 11 ವರ್ಷದ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಇರುತ್ತದೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರು. ಹದಿನೆಂಟು ವರ್ಷ ಪಾಠ ಮಾಡಿದ್ದೇನೆ. ಎಷ್ಟು ಮಕ್ಕಳ ಪುಸ್ತಕದಲ್ಲಿ ಕೆಂಪು ಪೆನ್ನಿನಲ್ಲಿ ಏನೇನು ಬರೆದಿದ್ದೇನೋ ಅಂತ ಲೆಕ್ಕ ಹಾಕಲು ಧೈರ್ಯ ಬರುವುದಿಲ್ಲ.

ಕೈಯಲ್ಲಿ ಶಕ್ತಿ ಇಲ್ಲ ಅಂತ ಅಲ್ಲ. ಬುದ್ಧಿ ಕಡಿಮೆ ಅಂತಲೂ ಅಲ್ಲ. ಥೆರಪಿಸ್ಟ್ ನನಗೆ ಹೀಗೆ ವಿವರಿಸಿದರು: ನೀರು ತುಂಬಿದ ಲೋಟ ಎತ್ತುವ ಮೊದಲೇ ನಮ್ಮ ಮಿದುಳು ಎಷ್ಟು ಬಲ ಬೇಕು ಅಂತ ಅಂದಾಜು ಮಾಡಿರುತ್ತದೆ. ಅಂದಾಜು ತಪ್ಪಿದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುತ್ತದೆ. ಈ ಮಕ್ಕಳಲ್ಲಿ ಆ ಅಂದಾಜು, ಆ ತಿದ್ದುಪಡಿ ತುಂಬ ನಿಧಾನ. ಅದಕ್ಕೇ ನೂರು ಸಲ ಮಾಡಿದ್ದೂ ಹೊಸದರಂತೆ ಇರುತ್ತದೆ. ಅದಕ್ಕೇ ಅಷ್ಟು ಒತ್ತಿ ಬರೆಯುವುದು, ಪೆನ್ಸಿಲ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗಬೇಕಲ್ಲ. ಅವರು ಪುಟ್ಟನ ಹಾಳೆಯ ಕೆಳಗೆ ಕಾರ್ಬನ್ ಪೇಪರ್ ಇಟ್ಟು ಮೂರು ಹಾಳೆ ಜೋಡಿಸಿ ಬರೆಸಿದರು. ನಾನು ಬರೆದದ್ದು ಎರಡನೇ ಹಾಳೆಗೆ ಮಸುಕಾಗಿ ಇಳಿಯಿತು. ಪುಟ್ಟನದು ಮೂರನೇ ಹಾಳೆಯಲ್ಲೂ ಕಡುನೀಲಿ. ‘ಇವನು ಒಂದು ಪುಟ ಬರೆಯೋದು ಅಂದ್ರೆ ನಿಮಗೆ ಐದಾರು ಪುಟ ಬರೆದಷ್ಟು ಕೈನೋವು, ಮೇಡಂ’ ಅಂದರು. ನಾನು ಕೊಟ್ಟಿದ್ದ ಕಾಪಿ ನೆನಪಾಯಿತು.

## ಮೇಲಿನದು ಅಜ್ಜಿ, ಕೆಳಗಿನದು ನಾನು

ಮೊದಲ ಎರಡು ತಿಂಗಳು ನಾವು ತಪ್ಪು ದಾರಿಯಲ್ಲಿದ್ದೆವು. ಥೆರಪಿಸ್ಟ್ ಹತ್ತಿರ ಸರದಿ ಸಿಗಲು ಸಮಯ ಹಿಡಿಯಿತು. ಅಷ್ಟರಲ್ಲಿ ಯಾರೋ ಬೆರಳಿಗೆ ಶಕ್ತಿ ಬರಬೇಕು ಅಂದರು. ಮನೆಯಲ್ಲಿ ಚಪಾತಿ ಹಿಟ್ಟು ನಾದಿಸಿದರು, ಮಣಿ ಪೋಣಿಸಿದರು, ಅಳಗುಳಿಮನೆ ತೆಗೆದು ಅಜ್ಜಿ ಜೊತೆ ಹುಣಸೆಬೀಜದಲ್ಲಿ ಆಡಿಸಿದರು. ಅಳಗುಳಿಮನೆ ಒಳ್ಳೆಯ ಆಟವೇ. ಮುಷ್ಟಿಯಲ್ಲಿ ಬೀಜ ಹಿಡಿದುಕೊಂಡು ಒಂದೊಂದೇ ಬಿಡುವುದು ಬೆರಳಿಗೆ ನಿಜವಾದ ಕೆಲಸ. ಪುಟ್ಟ ಅದರಲ್ಲಿ ಚೆನ್ನಾಗಿ ಪಳಗಿದ. ಬರವಣಿಗೆ ಮಾತ್ರ ಇದ್ದ ಹಾಗೇ ಇತ್ತು.

ಥೆರಪಿಸ್ಟ್‌ಗೆ ಇದರಲ್ಲಿ ಆಶ್ಚರ್ಯ ಆಗಲಿಲ್ಲ. ಮಣಿ ಪೋಣಿಸಿದರೆ ಮಣಿ ಪೋಣಿಸುವುದು ಬರುತ್ತದೆ. ಬರವಣಿಗೆ ಬರಬೇಕಾದರೆ ಬರೆಯಲೇಬೇಕು, ಆದರೆ ನಾನು ಬರೆಸಿದ ಹಾಗಲ್ಲ. ಅಭ್ಯಾಸವೇ ಇಲ್ಲದ ಚಿಕಿತ್ಸೆಗಳಿಂದ ಬರವಣಿಗೆ ಸುಧಾರಿಸಿಲ್ಲ, ಇಪ್ಪತ್ತು ಸಲಕ್ಕಿಂತ ಕಡಿಮೆ ಕೂತರೂ ಫಲ ಕಂಡಿಲ್ಲ ಅಂತ ಈ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದವರು ಹೇಳಿದ್ದಾರೆ. ಹಾಗಾಗಿ ವಾರಕ್ಕೆ ಮೂರು ದಿನ, ದಿನಕ್ಕೆ ಹದಿನೈದು ನಿಮಿಷ ಅಂತ ನಿಗದಿಯಾಯಿತು. ಜಾಸ್ತಿ ಬೇಡ. ಕೈ ದಣಿದ ಮೇಲೆ ಬರೆದರೆ ಕೆಟ್ಟ ಅಕ್ಷರವೇ ಅಭ್ಯಾಸ ಆಗುತ್ತದೆ.

ಶುರುವಾದದ್ದು ಪುಸ್ತಕದಿಂದ ಅಲ್ಲ, ಬೆಂಚಿನಿಂದ. ಪುಟ್ಟ ಕುಳ್ಳ, ಅವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲು ತೂಗಾಡುತ್ತಿದ್ದರೆ ಮೈ ಅಲುಗುತ್ತದೆ. ಎಡಗೈ ಹಾಳೆ ಹಿಡಿಯುವುದು ಬಿಟ್ಟು ಬೆಂಚು ಹಿಡಿದುಕೊಳ್ಳುತ್ತದೆ, ಹಾಳೆ ಜಾರುತ್ತದೆ. ಕಾಲಡಿಗೆ ಒಂದು ಮರದ ಪೆಟ್ಟಿಗೆ ಇಟ್ಟೆವು. ಉದ್ದ ಪೆನ್ಸಿಲ್ ಬದಲು ಮೋಟು ಪೆನ್ಸಿಲ್ ಕೊಟ್ಟೆವು, ಅದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಯೇ ಬೇಕು. ನಮ್ಮ ಹಳೆಯ ಸ್ಲೇಟು ಬಳಪವೂ ವಾಪಸ್ ಬಂತು. ಬಳಪ ಸ್ಲೇಟಿನ ಮೇಲೆ ಕರಕರ ಅಂತ ತಡೆಯುತ್ತದೆ, ಕೈ ಎಲ್ಲಿ ಹೋಗುತ್ತಿದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ತಪ್ಪಾದರೆ ಒರೆಸಿದರೆ ಆಯಿತು, ತೂತಾದ ಕಾಗದ ಯಾರಿಗೂ ಕಾಣುವುದಿಲ್ಲ.

ಆಮೇಲೆ ಅಕ್ಷರ. ಥೆರಪಿಸ್ಟ್ ಬಳಸಿದ ಕ್ರಮ ಕೆನಡಾದಲ್ಲಿ ಈ ಮಕ್ಕಳಿಗೆಂದೇ ರೂಪಿಸಿದ್ದು. ಅದರ ತಿರುಳು ನಾಲ್ಕು ಮಾತು: ಏನು ಮಾಡಬೇಕು, ಹೇಗೆ ಮಾಡ್ತೀಯ, ಮಾಡು, ಆಯ್ತಾ ನೋಡು. ಇಲ್ಲಿ ಮುಖ್ಯ ಏನೆಂದರೆ ಹೇಗೆ ಮಾಡಬೇಕು ಅನ್ನುವುದನ್ನು ನಾವು ಹೇಳಿಕೊಡುವ ಹಾಗಿಲ್ಲ. ಮಗುವೇ ಹುಡುಕಬೇಕು, ನಾವು ಪ್ರಶ್ನೆ ಕೇಳುತ್ತಾ ಹೋಗಬೇಕು. ಯಾವ ಪದ ಬರೆಯಲು ಕಲಿಯಬೇಕು ಅಂತ ಕೇಳಿದಾಗ ಪುಟ್ಟ ‘ಅಜ್ಜಿ’ ಅಂದ.

ಆ ದಿನ ನಾನು ಪಕ್ಕದಲ್ಲೇ ಇದ್ದೆ. ಮೊದಲು ಬರೆದದ್ದರಲ್ಲಿ ಒತ್ತು ಮೇಲಿನ ಅಕ್ಷರಕ್ಕಿಂತ ದೊಡ್ಡದಾಗಿ, ಬಲಕ್ಕೆ ಓಡಿಹೋಗಿತ್ತು. ‘ಸರಿ ಇದೆಯಾ?’ ಅಂತ ಕೇಳಿದರು. ಇಲ್ಲ ಅಂದ. ‘ಎಲ್ಲಿ ಸರಿ ಇಲ್ಲ?’ ತುಂಬ ಹೊತ್ತು ನೋಡಿ, ‘ಕೆಳಗಿಂದು ದೂರ ಹೋಗಿದೆ, ದಪ್ಪ ಇದೆ’ ಅಂದ. ‘ಹಾಗಾದ್ರೆ ಏನ್ ಮಾಡ್ತೀಯ?’ ಮತ್ತೆ ಮೌನ. ನನಗೆ ಹೇಳಿಕೊಡೋಣ ಅಂತ ಬಾಯಿ ತುರಿಸುತ್ತಿತ್ತು, ಅವರು ಕಣ್ಣಲ್ಲೇ ತಡೆದರು. ಆಮೇಲೆ ಪುಟ್ಟ ಹೇಳಿದ: ‘ಮೇಲಿಂದು ಅಜ್ಜಿ. ಕೆಳಗಿಂದು ನಾನು. ನಾನು ಅಜ್ಜಿಗಿಂತ ಚಿಕ್ಕೋನು. ಅಜ್ಜಿ ಕಾಲ ಹತ್ರಾನೇ ಕೂತಿರ್ಬೇಕು, ಆಚೆ ಹೋಗ್ಬಾರ್ದು.’

ಹಾಗೇ ಹೇಳಿಕೊಳ್ಳುತ್ತಾ ಬರೆದ. ಮೂರನೇ ಸಲ ಒತ್ತು ಜಾಗಕ್ಕೆ ಬಂತು. ಆಮೇಲೆ ಎಲ್ಲ ಒತ್ತಿಗೂ ಅದೇ ಸೂತ್ರ. ‘ಅಮ್ಮ’ದಲ್ಲಿ ಅಮ್ಮನ ಕಾಲ ಹತ್ತಿರ ಅವನು, ‘ಚಿಕ್ಕಪ್ಪ’ದಲ್ಲಿ ಎರಡು ಸಲ ಅವನು. ಜೊತೆಗೆ ಒಂದು ಗೆರೆ ಬಿಟ್ಟು ಒಂದು ಗೆರೆ ಬರೆಯಲು ಬಿಟ್ಟೆವು, ಕೆಳಗೆ ಕೂತವನಿಗೆ ಜಾಗ ಬೇಕಲ್ಲ.

## ಕೈ ಎತ್ತದ ಹುಡುಗ

ಅಕ್ಷರ ನಿಧಾನವಾಗಿ ತಿದ್ದಿತು. ಅದಕ್ಕಿಂತ ನಿಧಾನವಾಗಿ ತಿದ್ದಿದ್ದು ಇನ್ನೊಂದು. ಜಾತ್ರೆಯ ಹಾಳೆ ವಾಪಸ್ ಕೊಟ್ಟ ಮೇಲೆ ಪುಟ್ಟ ಕ್ಲಾಸಿನಲ್ಲಿ ಕತೆ ಹೇಳುವುದು ನಿಲ್ಲಿಸಿದ್ದ. ನಾನು ಅದನ್ನು ಗಮನಿಸಿರಲಿಲ್ಲ, ಕ್ಲಾಸು ಶಾಂತವಾಗಿದೆ ಅಂದುಕೊಂಡಿದ್ದೆ. ಅವನ ಅಮ್ಮ ಕೇಳಿದ್ದಕ್ಕೆ ‘ಹೇಳಿದ್ರೆ ಮಿಸ್ಸು ಅದನ್ನ ಬರಿ ಅಂತಾರೆ’ ಅಂದನಂತೆ. ಬರವಣಿಗೆಯಿಂದ ತಪ್ಪಿಸಿಕೊಳ್ಳಲು ಮಾತನ್ನೇ ಬಿಟ್ಟಿದ್ದ. ಬೋರ್ಡಿಗೆ ಕರೆದರೆ ಉತ್ತರ ಗೊತ್ತಿದ್ದರೂ ಗೊತ್ತಿಲ್ಲ ಅನ್ನುತ್ತಿದ್ದ. ಆಟದ ಪೀರಿಯಡ್ಡಿನಲ್ಲಿ ಹೊಟ್ಟೆನೋವು. ಹೀಗೆ ಮಗು ಒಂದೊಂದೇ ಕಡೆಯಿಂದ ಹಿಂದೆ ಸರಿಯುತ್ತದೆ, ನಮಗೆ ಅದು ಒಳ್ಳೆಯ ನಡತೆ ಥರ ಕಾಣುತ್ತದೆ.

ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಬೋರ್ಡಿನ ಮೇಲಿನ ಪ್ರಶ್ನೆಗಳನ್ನು ನಕಲು ಮಾಡುವುದು ಬೇಡ, ಉತ್ತರ ಮಾತ್ರ ಬರೆದರೆ ಸಾಕು ಅಂದೆವು. ಸಮಾಜ ವಿಜ್ಞಾನದ ಕಿರುಪರೀಕ್ಷೆ ಬಾಯಿಮಾತಿನಲ್ಲಿ. ಪ್ರಬಂಧ ಇದ್ದ ದಿನ ಮೊದಲು ಅವನು ಹೇಳುತ್ತಾನೆ, ಪಕ್ಕದ ಹುಡುಗಿ ಬರೆದುಕೊಳ್ಳುತ್ತಾಳೆ. ವಿಷಯಕ್ಕೆ ಅಂಕ ಬೇರೆ, ಅಕ್ಷರಕ್ಕೆ ಬೇರೆ. ‘ಉಳಿದ ಮಕ್ಕಳಿಗೆ ಅನ್ಯಾಯ ಅಲ್ವಾ’ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಕನ್ನಡಕ ಹಾಕಿಕೊಂಡ ಮಗುವಿನ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ.

ಕಾನೂನು ಈ ವಿಷಯದಲ್ಲಿ ಶಾಲೆಗಳಿಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬರವಣಿಗೆಯ ತೊಂದರೆಯಾದ ಡಿಸ್‌ಗ್ರಾಫಿಯಾ, ಡಿಸ್‌ಪ್ರಾಕ್ಸಿಯಾ ಎರಡರ ಹೆಸರೂ ಇದೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ, ಬರೆಯಲು ಕೈ ಒಗ್ಗದ ಅಭ್ಯರ್ಥಿಗೆ ನೂರಕ್ಕೆ ನಲವತ್ತರಷ್ಟು ವೈಕಲ್ಯ ಇಲ್ಲ ಅಂತ ಹೇಳಿ ಪರೀಕ್ಷೆಯಲ್ಲಿ ಬರೆದುಕೊಡುವವರನ್ನು ನಿರಾಕರಿಸುವಂತಿಲ್ಲ ಎಂದಿತು. ಮರುವರ್ಷ ಕೇಂದ್ರ ಸರ್ಕಾರ ಅಂಥವರಿಗೆಂದೇ ಮಾರ್ಗಸೂಚಿಯನ್ನೂ ಹೊರಡಿಸಿತು. ಹತ್ತನೇ ತರಗತಿ ಹತ್ತಿರ ಬಂದ ಮೇಲೆ ಓಡಾಡುವ ಬದಲು ಈಗಲೇ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಡಿ ಅಂತ ಪುಟ್ಟನ ಮನೆಯವರಿಗೆ ಹೇಳಿದ್ದೇನೆ.

ಪುಟ್ಟ ಈಗ ಆರನೇ ತರಗತಿ. ಡಿಸಿಡಿ ಹೋಗಿಬಿಟ್ಟಿಲ್ಲ, ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಅವನ ವೇಗ ಇನ್ನೂ ಕ್ಲಾಸಿನಲ್ಲಿ ಎಲ್ಲರಿಗಿಂತ ಕಡಿಮೆ. ಎರಡನೇ ಪುಟಕ್ಕೆ ಹೋಗುವಾಗ ಅಕ್ಷರ ಈಗಲೂ ತೇಲುತ್ತದೆ. ಖೋಖೋಗೆ ಇಳಿಯುವುದಿಲ್ಲ, ಆದರೆ ಅಂಕ ಬರೆದುಕೊಳ್ಳುವ ಕೆಲಸ ತಾನೇ ಕೇಳಿ ಪಡೆದಿದ್ದಾನೆ. ಸೈಕಲ್ ಕಲಿತ, ಹೋದ ಬೇಸಿಗೆಯಲ್ಲಿ.

ಕಳೆದ ತಿಂಗಳು ಪ್ರಬಂಧ ಇತ್ತು, ‘ನನ್ನ ಮೆಚ್ಚಿನ ವ್ಯಕ್ತಿ’. ಎಲ್ಲರೂ ಬರೆಯಲು ತಲೆ ತಗ್ಗಿಸಿದ್ದರು. ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆ ಬಂತು.

‘ಮಿಸ್, ಅಜ್ಜಿ ಬಗ್ಗೆ ಬರೀತೀನಿ. ಒತ್ತು ಜಾಸ್ತಿ ಬರುತ್ತೆ. ಒಂದ್ ಗೆರೆ ಬಿಡ್ಲಾ, ಎರಡ್ ಗೆರೆ ಬಿಡ್ಲಾ?’